ಬೋರಮಾಳದ ತೂಕ, ಬಂಗಾರದ ತೂಕ

ಬೋರಮಾಳ ಸರದ ಗುಂಡುಗಳು ಕಣ್ಣಿಗೆ ಗಟ್ಟಿ ಬಂಗಾರದಂತೆ ಕಂಡರೂ ಒಳಗೆ ಟೊಳ್ಳು. ತೆಳು ತಗಡಿನಿಂದ ಗುಂಡು ಮಾಡಿ, ಒತ್ತಿದರೆ ತಗ್ಗು ಬೀಳಬಾರದೆಂದು ಪತ್ತಾರರು ಅದರೊಳಗೆ ಅರಗು ತುಂಬುತ್ತಾರೆ. ಹುಬ್ಬಳ್ಳಿ-ಧಾರವಾಡದ ಕಡೆ ಅವ್ವನಿಂದ ಮಗಳಿಗೆ ಬರುವ ಒಡವೆಗಳಲ್ಲಿ ಈ ಸರಕ್ಕೆ ದೊಡ್ಡ ಜಾಗವಿದೆ. ಮದುವೆ ಮನೆಯಲ್ಲಿ ಅದರೊಳಗಿನ ಅರಗಿನ ಮಾತು ಯಾರೂ ಎತ್ತುವುದಿಲ್ಲ. ಆ ಮಾತು ಬರುವುದು ಸಾಲದ ಕೌಂಟರಿನಲ್ಲಿ.

ನವಲಗುಂದದ ಕಡೆಯ ನಮ್ಮ ಚಿಗವ್ವ ಮಗಳ ನರ್ಸಿಂಗ್ ಫೀ ಕಟ್ಟಲು ಹುಬ್ಬಳ್ಳಿಗೆ ಬಂದಾಗ ಅವಳ ಕೈಚೀಲದಲ್ಲಿ ಒಂದು ಬೋರಮಾಳ, ಒಂದು ಜೊತೆ ಪಾಟ್ಲಿ ಇದ್ದವು. ಕಾಗದಪತ್ರ ಓದಿ ಹೇಳಲಿಕ್ಕೆ ನಾನು ಜೊತೆಗಿದ್ದೆ. ಸರ ನಲವತ್ತು ಗ್ರಾಂ ಎಂದು ಅವಳಿಗೆ ಗೊತ್ತಿತ್ತು. ಗ್ರಾಂಗೆ ಹತ್ತು ಸಾವಿರ ಹಿಡಿದರೂ ನಾಲ್ಕು ಲಕ್ಷದ ಮಾಲು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದಳು.

ಸಾಲದ ಕೌಂಟರಿನಲ್ಲಿ ಬಂಗಾರ ನೋಡುವವರು ವಯಸ್ಸಾದ ಸರಾಫರು. ಮೊದಲು ಭೂತಗನ್ನಡಿ ಹಿಡಿದು ಕೊಂಡಿಯಲ್ಲಿ ಹಾಲ್‌ಮಾರ್ಕ್ ಇದೆಯೇ ಎಂದು ಹುಡುಕಿದರು. ಇರಲಿಲ್ಲ. 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಶುದ್ಧತೆ ತಿಳಿಯುತ್ತದೆ. ಅಜ್ಜಿಯ ಕಾಲದ ಸರಕ್ಕೆ ಅದೆಲ್ಲಿಂದ ಬರಬೇಕು? ಹೀಗಾಗಿ ಒರೆಗಲ್ಲು ಹೊರಬಂತು.

ಅವರು ಕೊಂಡಿಯನ್ನಷ್ಟೇ ಉಜ್ಜಿ ಬಿಡಲಿಲ್ಲ. ಸರದ ಬೇರೆ ಬೇರೆ ಕಡೆಯ ಗುಂಡುಗಳನ್ನು ಆರಿಸಿ ಒಂದೊಂದು ಗೆರೆ ಎಳೆದರು. ಹಳೆಯ ಸರಗಳಲ್ಲಿ ಕಳೆದುಹೋದ ಗುಂಡಿನ ಜಾಗಕ್ಕೆ ಆಮೇಲೆ ಪೋಣಿಸಿದ ಗುಂಡಿನ ಬಂಗಾರ ಬೇರೆಯದೇ ಇರಬಹುದು. ಪಕ್ಕದಲ್ಲಿ ಶುದ್ಧತೆ ಗೊತ್ತಿರುವ ಸೂಜಿಗಳಿಂದ ಗೆರೆ ಎಳೆದು, ಎಲ್ಲದರ ಮೇಲೆ ಆಸಿಡ್ ಹನಿಸಿದರು. ತಾಮ್ರ, ಬೆಳ್ಳಿ ಹೆಚ್ಚಿದ್ದ ಗೆರೆ ಬೇಗ ಮಾಸುತ್ತದೆ, ಚೊಕ್ಕ ಬಂಗಾರದ ಗೆರೆ ನಿಲ್ಲುತ್ತದೆ. ಚಿಗವ್ವನ ಸರದ ಗೆರೆ 22 ಕ್ಯಾರೆಟ್ ಸೂಜಿಯ ಗೆರೆಗಿಂತ ತುಸು ಮಂಕಾಯಿತು. ಇಪ್ಪತ್ತು ಕ್ಯಾರೆಟ್ ಎಂದರು.

ಶುದ್ಧತೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು, ತೂಕದ್ದು ಉಳಿಯಿತು. “ಯವ್ವಾ, ತಕ್ಕಡ್ಯಾಗ ನಲವತ್ತು ಗ್ರಾಂ ಬರ್ತೈತಿ, ಖರೆ. ಅದರಾಗ ಅರಗು ಎಷ್ಟು ಅಂತ ಒಡದು ನೋಡಾಕ ಬರೂದಿಲ್ಲ,” ಎಂದು ಅರಗು, ದಾರದ ಬಾಬ್ತು ಒಂಬತ್ತು ಗ್ರಾಂ ಕಳೆದರು.

“ಒಂಬತ್ತು ಭಾಳ ಆತಲ್ಲೋ ಅಣ್ಣಾ,” ಎಂದಳು ಚಿಗವ್ವ.

“ಹಂಗಾರ ಪಾಟ್ಲಿ ಕೊಡು, ತೋರಸ್ತೀನಿ.”

ಪಾಟ್ಲಿಯನ್ನು ಗಾಳಿಯಲ್ಲಿ ತೂಗಿದಾಗ 30 ಗ್ರಾಂ ಬಂತು. ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದಾಗ 1.69 ಗ್ರಾಂ ಕಡಿಮೆಯಾಯಿತು. ಮೂವತ್ತನ್ನು 1.69ರಿಂದ ಭಾಗಿಸಿದರೆ ಸುಮಾರು 17.75. ಅದು 22 ಕ್ಯಾರೆಟ್ ಬಂಗಾರದ ಸಾಂದ್ರತೆ. ಒಳಗೆ ತಾಮ್ರದ ಕಂಬಿ ಇದ್ದಿದ್ದರೆ ಈ ಅಂಕಿ ಅಲ್ಲೇ ಕುಸಿಯುತ್ತಿತ್ತು. ಬೋರಮಾಳಕ್ಕೆ ಈ ಪರೀಕ್ಷೆ ಒಗ್ಗುವುದಿಲ್ಲ, ಏಕೆಂದರೆ ಹಗುರವಾದ ಅರಗು ಇಡೀ ಲೆಕ್ಕವನ್ನು ಕೆಡಿಸುತ್ತದೆ. ಕೆಲವು ಕಡೆ ಇಡುವ ಕ್ಯಾರೆಟ್ ಮೀಟರ್ ಯಂತ್ರವೂ ಓದುವುದು ಮೇಲ್ಪದರವನ್ನಷ್ಟೇ. ದಪ್ಪ ಬಂಗಾರದ ಲೇಪವಿದ್ದರೆ ಅದೂ ಮೋಸಹೋಗುತ್ತದೆ. ಆದ್ದರಿಂದ ಟೊಳ್ಳು ಒಡವೆಯಲ್ಲಿ ಎಷ್ಟು ಗ್ರಾಂ ಕಳೆಯುವುದು ಎಂಬುದು ಕೊನೆಗೂ ನೋಡುವವರ ಅಂದಾಜು. ಸಾಲಗಾರ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇರುವುದೂ ಅಲ್ಲೇ.

ಕೇಳುವ ಹಕ್ಕು ಅವನಿಗಿದೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರೊಳಗೆ ಜಾರಿಯಾಗಬೇಕೆಂದ ನಿಯಮಗಳ ಪ್ರಕಾರ ಬಂಗಾರದ ಪರೀಕ್ಷೆ ಸಾಲಗಾರನ ಎದುರಿಗೇ ನಡೆಯಬೇಕು. ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ, ಕಳೆದ ತೂಕ ಎಲ್ಲವನ್ನೂ ಬರೆದ ಪತ್ರದ ಒಂದು ಪ್ರತಿ ಅವನಿಗೆ ಸಿಗಬೇಕು. ಹರಳು, ಅರಗು, ಮಜೂರಿಗೆ ಬೆಲೆಯಿಲ್ಲ. ದರ ಕಟ್ಟುವಾಗ ಹಿಂದಿನ ದಿನದ ಬೆಲೆ ಮತ್ತು ಹಿಂದಿನ 30 ದಿನಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು.

ಮನೆಖರ್ಚು, ಓದು, ಮದುವೆಯಂಥ ಸಾಲಕ್ಕೆ ಮಿತಿಯೂ ಇದೆ. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ 85, ಐದು ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75.

ಚಿಗವ್ವನ ಸರಕ್ಕೆ ಇದನ್ನು ಹಚ್ಚಿ ನೋಡೋಣ. ಉಳಿದ 31 ಗ್ರಾಂ ಇಪ್ಪತ್ತು ಕ್ಯಾರೆಟ್ಟಿನದು, ಅಂದರೆ 22 ಕ್ಯಾರೆಟ್ ಲೆಕ್ಕದಲ್ಲಿ ಸುಮಾರು 28.18 ಗ್ರಾಂ. ಗ್ರಾಂಗೆ ಹತ್ತು ಸಾವಿರ ಹಿಡಿದರೆ ₹2,81,800. ಅದರ ಶೇ 85 ಎಂದರೆ ₹2,39,530. ಅಷ್ಟೂ ಹಣ ಕೈಗೆ ಸಿಗುತ್ತದೆಯೇ? ತಿಂಗಳು ತಿಂಗಳು ಕಟ್ಟದೆ, ವರ್ಷದ ಕೊನೆಗೆ ಅಸಲು-ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ಇಲ್ಲ. ಅಂಥ ಸಾಲದಲ್ಲಿ ಕೊನೆಗೆ ಕಟ್ಟುವ ಒಟ್ಟು ಮೊತ್ತವೇ ಶೇ 85ರೊಳಗೆ ಇರಬೇಕು. ಬಡ್ಡಿ ಶೇ 10 ಎಂದುಕೊಂಡರೆ ಕೈಗೆ ಬರುವುದು ಸುಮಾರು ₹2,17,000. ನಾಲ್ಕು ಲಕ್ಷದ ಸರ ಕೌಂಟರಿನಲ್ಲಿ ಇಷ್ಟಕ್ಕೆ ಇಳಿಯಿತು.

ಇನ್ನು ಸಾಲ ಕಟ್ಟಲಾಗದೆ ಹೋದರೆ ಏನಾಗುತ್ತದೆ? ಗಡುವು ಮೀರಿ 90 ದಿನ ದಾಟಿದರೆ ಖಾತೆ ಸುಸ್ತಿಯಾಗಿ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಹರಾಜಿಗೆ ಮುಂಚೆ ನೋಟಿಸ್ ಕೊಡಬೇಕು, ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ಹರಾಜಿನ ಕನಿಷ್ಠ ಬೆಲೆ ಆ ದಿನದ ಮೌಲ್ಯದ ಶೇ 90ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡು ಸಲ ಹರಾಜಾಗದಿದ್ದರೆ ಮಾತ್ರ ಶೇ 85ಕ್ಕೆ ಇಳಿಸಬಹುದು. ಬಾಕಿ ಕಳೆದು ಉಳಿದ ಹಣ ಸಾಲಗಾರನದು.

“ಕಟ್ಟಲಿಕ್ಕಾಗದಿದ್ರ ಬಂಗಾರ ಹೊಕ್ಕೈತಿ, ಮುಗೀತು,” ಎಂಬುದು ಚಿಗವ್ವನ ನಂಬಿಕೆ. ಆದರೆ ಬೆಲೆ ಬಿದ್ದಾಗ ಅದು ಅಲ್ಲಿಗೆ ಮುಗಿಯುವುದಿಲ್ಲ. ವರ್ಷದ ಕೊನೆಗೆ ಅವಳು ಕೊಡಬೇಕಾದದ್ದು ₹2,38,700. ಅಷ್ಟರಲ್ಲಿ ಬಂಗಾರ ಶೇ 20ರಷ್ಟು ಇಳಿದರೆ ಸರದ ಬೆಲೆ ಸುಮಾರು ₹2,25,000 ಆಗುತ್ತದೆ. ಅದು ಶೇ 90ಕ್ಕೆ ಹರಾಜಾದರೆ ಬರುವುದು ₹2,02,500. ಸರವೂ ಹೋಯಿತು, ಮೇಲೆ ₹36,200 ಬಾಕಿಯೂ ಅವಳ ಹೆಸರಿಗೇ ಉಳಿಯಿತು. ಇಂಥ ಇಳಿತ ಬರೀ ಊಹೆಯೂ ಅಲ್ಲ. 2013ರ ಏಪ್ರಿಲ್‌ನಲ್ಲಿ ಎರಡೇ ವಹಿವಾಟಿನ ದಿನಗಳಲ್ಲಿ ಅಂತರರಾಷ್ಟ್ರೀಯ ಬೆಲೆ ಶೇ 13ರಷ್ಟು ಕುಸಿದಿತ್ತು.

ಈ ಲೆಕ್ಕ ಕೇಳಿದ ಮೇಲೆ ಚಿಗವ್ವ ಬೋರಮಾಳವನ್ನು ವಾಪಸ್ ಚೀಲಕ್ಕೆ ಹಾಕಿ ಪಾಟ್ಲಿಯನ್ನೇ ಇಟ್ಟಳು. ಮೂವತ್ತು ಗ್ರಾಂ ಅಷ್ಟೂ ಬಂಗಾರ, ಕಳೆಯುವ ಮಾತೇ ಇಲ್ಲ. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುವ ಸಾಲ ಕೇಳಿ, ಫೀಗೆ ಬೇಕಾದ ಒಂದೂವರೆ ಲಕ್ಷವನ್ನಷ್ಟೇ ಎತ್ತಿದಳು. ಈಗ ಬೆಲೆ ಶೇ 20 ಬಿದ್ದರೂ ಪಾಟ್ಲಿ ₹2,40,000 ಬಾಳುತ್ತದೆ.

ನಿಯಮಗಳ ರಕ್ಷಣೆ ಎಲ್ಲ ಕಡೆಯೂ ಸಿಗುವುದಿಲ್ಲ. ಬ್ಯಾಂಕು, ಸಹಕಾರಿ ಬ್ಯಾಂಕು, ಫೈನಾನ್ಸ್ ಕಂಪನಿಗಳು ರಿಸರ್ವ್ ಬ್ಯಾಂಕಿನ ಅಡಿ ಬರುತ್ತವೆ. ಓಣಿಯ ಸೌಹಾರ್ದ ಸಹಕಾರಿ, ಗಿರವಿ ಅಂಗಡಿಗಳು ರಾಜ್ಯದ ಕಾನೂನಿಗೆ ಒಳಪಡುತ್ತವೆ. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ಕೊಡದಿದ್ದರೆ, ಸಾಲ ಕೊಟ್ಟವರದೇ ತಪ್ಪಾಗಿದ್ದರೆ, ದಿನಕ್ಕೆ ₹5,000 ಪರಿಹಾರ ಕೊಡಬೇಕೆಂಬ ನಿಯಮ ರಿಸರ್ವ್ ಬ್ಯಾಂಕಿನ ಅಡಿ ಬರುವವರಿಗೆ ಮಾತ್ರ. ಬಿಡಿಸಿಕೊಳ್ಳುವ ದಿನ ತಕ್ಕಡಿಯ ಮುಂದೆ ಹಿಡಿಯಬೇಕಾದದ್ದು ಮೊದಲ ದಿನ ಕೊಟ್ಟ ಆ ಪತ್ರವನ್ನೇ, ಏಕೆಂದರೆ ಒಟ್ಟು ತೂಕ ಬರೆದಿರುವುದು ಅದರಲ್ಲಿ.