ಉರಿಗೆ ಬಣ್ಣ ಕೊನೆಗಿರಲಿ

ತಮ್ಮಾ, ಕಲ್ಲುಗೋಡೆಗೆ ಸಿಕ್ಕಿಸಿದ ಪಂಜಿಗೆ ಯೂನಿಟಿಯಲ್ಲಿ ಉರಿ ಹೊತ್ತಿಸಲು ಹೊರಟಿದ್ದೀಯ. ನಾನು ಹೇಳುವುದು ಇಷ್ಟೆ: ಬಣ್ಣವನ್ನು ಕೊನೆಗಿಟ್ಟುಕೊ. ಮೊದಲು ಉರಿಯ ಚಲನೆ ಸರಿಹೋಗಲಿ, ಆಮೇಲೆ ಅದು ಗೋಡೆಗೆ ತಾಗುವ ಅಂಚು. ಇವೆರಡೂ ಬರೀ ಬೂದುಬಣ್ಣದಲ್ಲೇ ಒಪ್ಪವಾಗಿ ಕಂಡ ಮೇಲೆ ಕಿತ್ತಳೆ, ಹಳದಿಗೆ ಕೈಹಾಕು. ಹೊಳಪು ಮೊದಲೇ ಬಂದರೆ ಬ್ಲೂಮ್ ಎಲ್ಲ ತಪ್ಪುಗಳನ್ನೂ ಮುಚ್ಚಿಬಿಡುತ್ತದೆ. ಬ್ಲೂಮ್ ಇಲ್ಲದ ಸಾಧಾರಣ ಫೋನಿನಲ್ಲಿ ಅವೆಲ್ಲ ಎದ್ದು ಕಾಣುತ್ತವೆ.

ಚಲನೆಯಿಂದ ಶುರುಮಾಡು. 2048 ಪಿಕ್ಸೆಲ್‌ನ ಚೌಕ ಹಾಳೆಯಲ್ಲಿ 8 ಸಾಲು, 8 ಕಂಬಸಾಲು ಮಾಡಿದರೆ 64 ಚಿತ್ರಗಳು, ಒಂದೊಂದೂ 256 ಪಿಕ್ಸೆಲ್. ಕಣದ ಆಯಸ್ಸು 2 ಸೆಕೆಂಡು ಇಟ್ಟರೆ ಸೆಕೆಂಡಿಗೆ 32 ಚಿತ್ರ ಓಡುತ್ತವೆ. ಅದನ್ನೇ 4 ಸೆಕೆಂಡಿಗೆ ಎಳೆದರೆ 16ಕ್ಕೆ ಇಳಿದು ಉರಿ ತಡವರಿಸುತ್ತದೆ. ಆಗ Flip-Book Blending ಒತ್ತಿದರೆ ಅಕ್ಕಪಕ್ಕದ ಎರಡು ಚಿತ್ರಗಳು ಬೆರೆಯುತ್ತವೆ, ಆದರೆ ಅದು ಬೆರಕೆ ಮಾತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಜ್ವಾಲೆಯ ನಾಲಗೆ ತುಂಬ ದೂರ ಜಿಗಿದಿದ್ದರೆ ಎರಡು ಮಸುಕು ನಾಲಗೆಗಳು ಒಟ್ಟಿಗೆ ಕಾಣುತ್ತವೆ. ಅದಕ್ಕೆ ಮದ್ದು ಹೆಚ್ಚು ಚಿತ್ರಗಳು, ಇಲ್ಲವೇ ಕಡಿಮೆ ಆಯಸ್ಸು.

ಸಾಲು ಪಂಜುಗಳೆಲ್ಲ ಒಂದೇ ತಾಳಕ್ಕೆ ಕುಣಿಯಬಾರದೆಂದು Start Frame ಅನ್ನು ಯಾದೃಚ್ಛಿಕವಾಗಿ ಇಡುತ್ತೀವಲ್ಲ, ಅದಕ್ಕೆ ಮುಂಚೆ ಕೊನೆಯ ಚಿತ್ರ ಮೊದಲನೆಯದಕ್ಕೆ ಹೊಂದುತ್ತದೋ ನೋಡು. ಹುಟ್ಟಿ, ಏರಿ, ಆರಿಹೋಗುವ ಉರಿಯ ಹಾಳೆಯಾದರೆ ನಡುವಿನಿಂದ ಶುರುಮಾಡಿದಾಗ ಆರಿದ ಉರಿ ತಟ್ಟನೆ ಮತ್ತೆ ಹುಟ್ಟುತ್ತದೆ.

ಇನ್ನು ಅಂಚು. ಉರಿಯ ಚಪ್ಪಟೆ ಹಾಳೆ ಗೋಡೆಯನ್ನು ಕತ್ತರಿಸುವ ಕಡೆ ಗೀರು ಎಳೆದಂತೆ ಕಾಣುತ್ತದೆ. ಸಾಫ್ಟ್ ಪಾರ್ಟಿಕಲ್ ಅದನ್ನು ಕರಗಿಸುವುದು ಈ ಲೆಕ್ಕದಿಂದ:

```
fade = saturate((sceneDepth - particleDepth) / fadeDistance);
color.rgb *= fade;
```

ಹಿಂದಿನ ಗೋಡೆಗೂ ಕಣಕ್ಕೂ ಇರುವ ಅಂತರವನ್ನು ನೀನು ಕೊಟ್ಟ ದೂರದಿಂದ ಭಾಗಿಸುತ್ತದೆ, ಅಷ್ಟೆ. ಇದಕ್ಕೆ ಯುಆರ್‌ಪಿ ಸೆಟ್ಟಿಂಗ್‌ನಲ್ಲಿ Depth Texture ಆನ್ ಆಗಿರಬೇಕು. ಅಡಿಟಿವ್ ಬೆರಕೆಯಲ್ಲಿ ಬಣ್ಣವನ್ನೇ ಗುಣಿಸು. ಆಲ್ಫಾ ಒಂದನ್ನೇ ಇಳಿಸಿದರೆ ಕೆಲವು ಶೇಡರ್‌ಗಳಲ್ಲಿ ಏನೂ ಬದಲಾಗದು.

ಎಡವುವುದು ಈ fadeDistance ಕೊಡುವಲ್ಲಿ. ನಿನ್ನ ಉರಿ ಗೋಡೆಯಿಂದ 20 ಸೆಂಟಿಮೀಟರ್ ಮುಂದಿದೆ ಅನ್ನು. ದೂರವನ್ನು 1 ಮೀಟರ್ ಕೊಟ್ಟರೆ ಲೆಕ್ಕ 0.2 ಬರುತ್ತದೆ: ಅಂಚು ಮಾತ್ರವಲ್ಲ, ಇಡೀ ಉರಿಯೇ ಐದನೇ ಒಂದು ಪಾಲಿಗೆ ಇಳಿಯಿತು. ಮಂಕಾಯಿತೆಂದು ಹೊಳಪನ್ನು ಐದು ಪಟ್ಟು ಏರಿಸುತ್ತೀಯ. ಅದೇ ಪಂಜನ್ನು ಬಯಲಲ್ಲಿ ನೆಟ್ಟಾಗ ಕಣ್ಣು ಕುಕ್ಕುತ್ತದೆ. ಕಂಡುಹಿಡಿಯುವುದು ಸುಲಭ: ಕ್ಯಾಮೆರಾವನ್ನು ಎದುರಿನಿಂದ ಪಕ್ಕಕ್ಕೆ ಸರಿಸು. ಪಕ್ಕದ ನೋಟದಲ್ಲಿ ಉರಿಯ ಹಿಂದಿನ ಗೋಡೆ ದೂರವಾಗುತ್ತದೆ. ಆಗ ಉರಿ ಬೆಳಗಿದರೆ ನೀನು ಕೊಟ್ಟ ದೂರ ಅತಿಯಾಯಿತು. ಈ ಪಂಜಿಗೆ 10 ಸೆಂಟಿಮೀಟರ್ ಸಾಕು.

ಈಗ ಬಣ್ಣ. ಮೇಣದ ಬತ್ತಿಯ ಉರಿ ಬೆಳಗುವುದು ಅದರೊಳಗೆ ಕಾದು ಹೊಳೆಯುವ ಇಂಗಾಲದ ಸಣ್ಣ ಕಣಗಳಿಂದ ಎಂದು ಮೈಕೆಲ್ ಫ್ಯಾರಡೆ 1860-61ರ ಲಂಡನ್ ಉಪನ್ಯಾಸಗಳಲ್ಲಿ ತೋರಿಸಿಕೊಟ್ಟರು. ಎಣ್ಣೆ ಪಂಜಿಗೂ ಅದೇ ಮಾತು. ಆದ್ದರಿಂದ ನಿನ್ನ ಬೂದು ಹಾಳೆಯನ್ನು ಬಿಸಿಯ ಅಳತೆ ಎಂದು ತಿಳಿ. ಗ್ರೇಡಿಯೆಂಟ್ ಆ ಅಳತೆಯನ್ನು ಕಪ್ಪಿನಿಂದ ಕಡುಗೆಂಪಿನ ಮೂಲಕ ಹಳದಿಗೆ ಒಯ್ಯಲಿ. ಅಳತೆಯೆಂದ ಮೇಲೆ ಆ ಹಾಳೆಗೆ sRGB ಗುರುತು ತೆಗೆದುಬಿಡು. ಬಿಟ್ಟರೆ ಲೀನಿಯರ್ ಪ್ರಾಜೆಕ್ಟ್‌ನಲ್ಲಿ 0.5 ಇದ್ದದ್ದು ಸುಮಾರು 0.21 ಆಗಿ, ಉರಿಯ ನಡುಭಾಗವೆಲ್ಲ ಕೆಂಪಿಗೆ ಜಾರುತ್ತದೆ. ಗ್ರೇಡಿಯೆಂಟ್ ಪಟ್ಟಿಗೆ ರಿಪೀಟ್ ಬೇಡ, ಕ್ಲಾಂಪ್ ಕೊಡು. ಇಲ್ಲದಿದ್ದರೆ ಹಳದಿ ತುದಿ ಕಪ್ಪು ತುದಿಗೆ ಸೋರಿ ಉರಿಯ ಸುತ್ತ ಬೆಳ್ಳನೆ ಗೆರೆ ಮೂಡೀತು.

ಪಟ್ಟಿಯ ತುದಿಗೆ ಬಿಳಿ ಬಳಿಯಬೇಡ. ಕಿತ್ತಳೆ (1, 0.4, 0.08) ತೆಗೆದುಕೊಂಡು ಐದರಿಂದ ಗುಣಿಸು: (5, 2, 0.4). ಟೋನ್‌ಮ್ಯಾಪಿಂಗ್ ಇಲ್ಲದಿದ್ದರೆ ಪರದೆ 1ಕ್ಕಿಂತ ಮೇಲಿನದನ್ನು ಕತ್ತರಿಸಿ (1, 1, 0.4) ತೋರಿಸುತ್ತದೆ, ಅಂದರೆ ಹಳದಿ. ಇಂಥ ಎರಡು ಕಣ ಒಂದರ ಮೇಲೊಂದು ಬಿದ್ದರೆ (1, 1, 0.8), ಬಿಳಿಗೆ ಹತ್ತಿರ. ಕಣಗಳು ಒತ್ತಾಗಿ ಸೇರುವ ಬುಡದಲ್ಲಿ ಬಿಳುಪು ತಾನಾಗಿ ಹುಟ್ಟುತ್ತದೆ. ಅದಕ್ಕೇ ಹೊಳಪಿನ ಅಂಕಿಯನ್ನು ಒಂಟಿ ಕಣ ನೋಡಿ ನಿಗದಿ ಮಾಡಬೇಡ. ಪಂಜಿನಲ್ಲಿ ಎಷ್ಟು ಕಣ ಒಂದರ ಮೇಲೊಂದು ಕೂರುತ್ತವೆಯೋ ಅಷ್ಟನ್ನೂ ಹೊಮ್ಮಿಸಿ, ಬ್ಲೂಮ್ ಆಫ್ ಮಾಡಿ ನೋಡು. ಆಗಲೂ ನಾಲಗೆಗಳು ಬೇರೆಬೇರೆಯಾಗಿ ಕಂಡರೆ ಬ್ಲೂಮ್ ಹಾಕು. ಬುಡದಿಂದ ತುದಿಯವರೆಗೆ ಒಂದೇ ಬಿಳಿ ಮುದ್ದೆಯಾದರೆ ಗ್ರೇಡಿಯೆಂಟ್ ತಿದ್ದುತ್ತ ಕೂರಬೇಡ, ಕಣಗಳ ಸಂಖ್ಯೆ ಇಳಿಸು.