ಕನೆಕ್ಟ್ ಆದರೂ ತಡವರಿಸುವ ಇಯರ್‌ಬಡ್: ಒಂದು ಪಾಠದ ಅನುಭವ

ಒಂಬತ್ತನೇ ತರಗತಿಗೆ ತರಂಗಗಳ ಪಾಠ ಮಾಡುತ್ತಿದ್ದೆ. ವಿದ್ಯಾರ್ಥಿನಿಯೊಬ್ಬಳು, “ಮಿಸ್, ಅಣ್ಣನ ಇಯರ್‌ಬಡ್ ಕನೆಕ್ಟ್ ಆಗುತ್ತೆ, ಆದ್ರೆ ಹಾಡು ಕಟ್ ಆಗಿ ಕಟ್ ಆಗಿ ಬರುತ್ತೆ, ಯಾಕೆ?” ಎಂದಳು. “ಫೋನ್ ದೂರ ಇರಬೇಕು” ಎಂದೆ. “ಇಲ್ಲ ಮಿಸ್, ಜೇಬಲ್ಲೇ ಇರುತ್ತೆ.” ನನ್ನ ಬಳಿ ಉತ್ತರವಿರಲಿಲ್ಲ.

ಮರುದಿನ ನನ್ನದೇ ಇಯರ್‌ಬಡ್ ಒಯ್ದೆ. ಕನೆಕ್ಟ್ ಆಗಲು ಸ್ವಲ್ಪ ದತ್ತಾಂಶ ಸಾಕು. ಹಾಡಿಗೆ ಅದು ಎಡೆಬಿಡದೆ ಬರುತ್ತಿರಬೇಕು ಎಂದು ವಿವರಿಸಿದೆ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಎಷ್ಟೋ ವೈಫೈ, ಹಾಟ್‌ಸ್ಪಾಟ್‌ಗಳೂ ಬಳಸುತ್ತವೆ. ಜೊತೆಗೆ, ನೀರಿನಂಶ ಹೆಚ್ಚಿರುವ ನಮ್ಮ ದೇಹ ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಹುಡುಗನೊಬ್ಬನ ಹಿಂಜೇಬಿನಲ್ಲಿ ಫೋನ್ ಇಡಿಸಿ, ಪಕ್ಕದಲ್ಲೇ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್‌ನಿಂದ ವಿಡಿಯೊ ಡೌನ್‌ಲೋಡ್‌ಗೆ ಹಾಕಿದೆ. ಹಾಡು ತಡವರಿಸಿತು. ಡೌನ್‌ಲೋಡ್ ನಿಲ್ಲಿಸಿದಾಗ ತಡವರಿಕೆ ಕಡಿಮೆಯಾಯಿತು. ಫೋನನ್ನು ಕೈಯಲ್ಲಿ ಮುಂದೆ ಹಿಡಿದಾಗ ಪೂರ್ತಿ ನಿಂತಿತು.

“ಒಂದೇ ಕಿವಿಗೆ ಕೇಳಿಸಿದರೆ?” ಎಂದ ಇನ್ನೊಬ್ಬ. ಮೊದಲು ಎರಡೂ ಬಡ್‌ಗಳ ಚಾರ್ಜ್, ಫೋನಿನ ಎಡ-ಬಲ ಧ್ವನಿ ಹೊಂದಾಣಿಕೆ ನೋಡಬೇಕು. ಅವು ಸರಿಯಿದ್ದು, ಜಾಗ ಬದಲಿಸಿದರೂ ಅದೇ ಬಡ್ ಮೌನವಾಗಿದ್ದರೆ ಅಡಚಣೆಯನ್ನು ದೂರುವಂತಿಲ್ಲ. ಬಡ್‌ಗಳ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಪರಸ್ಪರ ಸಂಪರ್ಕ ಕಳೆದುಕೊಂಡಿರಬಹುದು. ಫೋನಿನಿಂದ ಹೆಸರು ಅಳಿಸಿ, ಎರಡನ್ನೂ ಕೇಸಿನಲ್ಲಿಟ್ಟು ರೀಸೆಟ್ ಮಾಡಿ ಮತ್ತೆ ಜೋಡಿಸಬೇಕು. ತಯಾರಕರ ಆ್ಯಪ್ ಇದ್ದರೆ ಫರ್ಮ್‌ವೇರ್ ನವೀಕರಿಸಬೇಕು. ಸ್ಪೀಕರೇ ಕೆಟ್ಟಿದ್ದರೆ ಇದರಿಂದ ಪ್ರಯೋಜನವಿಲ್ಲ.

ಮೊದಲ ದಿನವೇ “ಫೋನ್ ಯಾವ ಜೇಬಲ್ಲಿರುತ್ತೆ?” ಎಂದು ನಾನು ಕೇಳಬೇಕಿತ್ತು.