ರಿಲೀವಿಂಗ್ ಲೆಟರ್ ಕೈಗೆ ಬರಬೇಕಾದರೆ ರಾಜೀನಾಮೆಯ ದಿನವೇ ಶುರು ಮಾಡಿ

ಹೊಸ ಕಂಪನಿಗೆ ಸೇರುವ ದಿನ ತರಬೇಕಾದ ದಾಖಲೆಗಳಲ್ಲಿ ಅಂಕಪಟ್ಟಿ, ಪ್ಯಾನ್, ಆಧಾರ್, ಪೇ ಸ್ಲಿಪ್ ಎಲ್ಲ ಮನೆಯಲ್ಲೇ ಇರುತ್ತವೆ. ಹಳೆ ಕಂಪನಿಯವರು ಬರೆದುಕೊಡಬೇಕಾದ ಪತ್ರ ಮಾತ್ರ ಬೇರೆಯವರ ಕೈಯಲ್ಲಿರುತ್ತದೆ. ರಾಜೀನಾಮೆ ಒಪ್ಪಿ ಇಂಥ ದಿನ ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂದು ಹೇಳುವುದು ರಿಲೀವಿಂಗ್ ಲೆಟರ್. ಎಂದಿನಿಂದ ಎಂದಿನವರೆಗೆ, ಯಾವ ಹುದ್ದೆಯಲ್ಲಿ ದುಡಿದರು ಎಂದು ಹೇಳುವುದು ಎಕ್ಸ್‌ಪೀರಿಯನ್ಸ್ ಲೆಟರ್. ಕೆಲವರು ಎರಡನ್ನೂ ಒಂದೇ ಹಾಳೆಯಲ್ಲಿ ಕೊಡುತ್ತಾರೆ. ಹೊಸ ಕಂಪನಿಗೆ ಯಾವುದು ಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು.

ಪತ್ರ ತಡವಾಗಲು ಎಚ್‌ಆರ್‌ನವರ ಸೋಮಾರಿತನವೇ ಕಾರಣ ಎಂದು ಹಲವರು ತಿಳಿಯುತ್ತಾರೆ. ಬಹಳಷ್ಟು ಸಲ ಅದು ನಿಲ್ಲುವುದು ನೋಟಿಸ್ ಪೀರಿಯಡ್‌ನ ಲೆಕ್ಕದಲ್ಲಿ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಲ್ಲಿ ತಿಂಗಳಿಗೆ 45,000 ರೂಪಾಯಿ ಸಂಬಳದ ಉದ್ಯೋಗಿಯೊಬ್ಬರು ಏಪ್ರಿಲ್ 1ಕ್ಕೆ ರಾಜೀನಾಮೆ ಕೊಡುತ್ತಾರೆ. ನೋಟಿಸ್ 60 ದಿನ, ಅಂದರೆ ಮೇ 30ರವರೆಗೆ. ‘ಕೆಲಸ ಒಪ್ಪಿಸಿಬಿಡಿ, ಮೇ 15ಕ್ಕೇ ಹೊರಡಿ’ ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳುತ್ತಾರೆ. ಆ ಮಾತು ಎಚ್‌ಆರ್‌ಗೆ ತಲುಪಿರುವುದಿಲ್ಲ. ಅವರ ಲೆಕ್ಕದಲ್ಲಿ 15 ದಿನ ಕಡಿಮೆ. ಪೂರ್ತಿ ಸಂಬಳದ ಮೇಲೆ ಹಿಡಿದರೆ 22,500 ರೂಪಾಯಿ ಬಾಕಿ. ಮೂಲ ವೇತನ 22,500 ಇದ್ದು, ಅದರ ಮೇಲಷ್ಟೇ ಹಿಡಿದರೆ 11,250. ಯಾವ ಲೆಕ್ಕ ಎಂಬುದು ನೇಮಕಾತಿ ಪತ್ರದಲ್ಲಿರುತ್ತದೆ. ಬಾಕಿ ತೀರುವವರೆಗೆ ರಿಲೀವಿಂಗ್ ಲೆಟರ್ ಕೊಡದ ಕಂಪನಿಗಳು ಸಾಕಷ್ಟಿವೆ. ಅಷ್ಟರಲ್ಲಿ ಹೊಸ ಕೆಲಸಕ್ಕೆ ಸೇರುವ ದಿನ ಬಂದಿರುತ್ತದೆ.

ಇದನ್ನು ತಪ್ಪಿಸಲು ಆ ಉದ್ಯೋಗಿ ಅದೇ ಸಂಜೆ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಒಂದು ಮೇಲ್ ಹಾಕಿದ್ದರೆ ಸಾಕಿತ್ತು: ‘ಇಂದಿನ ಮಾತುಕತೆಯಂತೆ ಮೇ 15 ನನ್ನ ಕೊನೆಯ ಕೆಲಸದ ದಿನ, ಉಳಿದ 15 ದಿನಗಳ ನೋಟಿಸ್ ಮನ್ನಾ ಆಗಿದೆ ಎಂದು ದಯವಿಟ್ಟು ಖಚಿತಪಡಿಸಿ.’ ಉತ್ತರ ಬಂದ ಮೇಲೆಯೇ ಹೊಸ ಕಂಪನಿಗೆ ಸೇರುವ ದಿನಾಂಕ ತಿಳಿಸಬೇಕು. ಮನ್ನಾ ಇಲ್ಲ ಎಂದರೆ ಉಳಿದ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದೇ ಎಂದು ಆಗಲೇ ಕೇಳಬಹುದು.

ಪತ್ರ ಕೋರುವ ಮೇಲ್ ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಹೋಗಲಿ. ಕಚೇರಿಯ ಮೇಲ್ ಕೊನೆಯ ದಿನ ಸಂಜೆಯೇ ಬಂದ್ ಆಗುವುದುಂಟು. ಹಾಗಾಗಿ ಸ್ವಂತ ಮೇಲ್ ವಿಳಾಸವನ್ನೂ ಸಿಸಿಯಲ್ಲಿ ಸೇರಿಸಬೇಕು. ಒಕ್ಕಣೆ ಹೀಗಿದ್ದರೆ ಸಾಕು:

‘ಮಾನ್ಯರೇ, ನನ್ನ ಉದ್ಯೋಗಿ ಸಂಖ್ಯೆ ಇಂಥದ್ದು. ಸೇರಿದ ದಿನ ಇದು, ಕೊನೆಯ ಕೆಲಸದ ದಿನ ಇದು. ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿಯನ್ನು ಈ ದಿನ ಹಿಂತಿರುಗಿಸುತ್ತೇನೆ. ಹೊಸ ಕಂಪನಿಗೆ ಇಂಥ ದಿನ ಸೇರಬೇಕಿರುವುದರಿಂದ ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯನ್ಸ್ ಲೆಟರ್‌ಗಳನ್ನು ಅದಕ್ಕೂ ಮುಂಚೆ ಕೊಡಬೇಕಾಗಿ ವಿನಂತಿ. ನನ್ನಿಂದ ಏನಾದರೂ ಬಾಕಿ ಇದ್ದರೆ ಈಗಲೇ ತಿಳಿಸಿ.’

ಕೊನೆಯ ವಾಕ್ಯವನ್ನು ಬಿಡಬಾರದು. ಯಾವ ವಿಭಾಗದಲ್ಲಿ ಕಡತ ನಿಂತಿದೆ ಎಂಬುದು ಹೊರಬರುವುದು ಅದರಿಂದಲೇ. ಲ್ಯಾಪ್‌ಟಾಪ್ ಒಪ್ಪಿಸಿದ್ದಕ್ಕೂ ಸಹಿಯೋ ಮೇಲೋ ಪಡೆದಿಟ್ಟುಕೊಳ್ಳಬೇಕು.

ಪತ್ರ ಬಂದ ಕೂಡಲೇ ಹೆಸರು ಪ್ಯಾನ್‌ನಲ್ಲಿರುವಂತೆಯೇ ಇದೆಯೇ, ಎರಡೂ ದಿನಾಂಕ ಮತ್ತು ಹುದ್ದೆ ಸರಿಯೇ, ಲೆಟರ್‌ಹೆಡ್ ಮತ್ತು ಸಹಿ ಇವೆಯೇ ಎಂದು ನೋಡಬೇಕು. ಪಿಎಫ್ ಖಾತೆ ಇದ್ದವರು ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ View ಕೆಳಗಿನ Service History ತೆರೆದು, ಕೆಲಸ ಬಿಟ್ಟ ದಿನಾಂಕವನ್ನು ಪತ್ರದ ಜೊತೆ ತಾಳೆ ನೋಡಬಹುದು. ಕಂಪನಿ ಆ ದಿನಾಂಕ ತುಂಬದೇ ಹೋದರೆ, ಕೊನೆಯ ಪಿಎಫ್ ವಂತಿಗೆಯಾಗಿ ಎರಡು ತಿಂಗಳ ನಂತರ ಉದ್ಯೋಗಿಯೇ Manage ಕೆಳಗಿನ Mark Exit ಮೂಲಕ ತುಂಬಬಹುದು. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು, ಏಕೆಂದರೆ ಒಟಿಪಿ ಬರುವುದು ಅಲ್ಲಿಗೇ.

ಸೇರುವ ದಿನ ಬಂದರೂ ಪತ್ರ ಬಾರದಿದ್ದರೆ ಹೊಸ ಕಂಪನಿಯಿಂದ ವಿಷಯ ಮುಚ್ಚಿಡಬಾರದು. ರಾಜೀನಾಮೆ ಒಪ್ಪಿದ ಮೇಲ್, ಕೊನೆಯ ಪೇ ಸ್ಲಿಪ್‌ಗಳು, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಪಿಎಫ್ ದಾಖಲೆ ಕೊಟ್ಟು ಕಾಲಾವಕಾಶ ಕೇಳಿದರೆ ಹಲವು ಕಂಪನಿಗಳು ಒಪ್ಪುತ್ತವೆ. ಒಪ್ಪಿದ್ದನ್ನೂ ಮೇಲ್‌ನಲ್ಲೇ ಪಡೆಯಬೇಕು. ನಕಲಿ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರ ಬಳಿ ಸುಳಿಯಲೇಬಾರದು. ವೆರಿಫಿಕೇಶನ್‌ನವರು ಹಳೆ ಕಂಪನಿಯನ್ನೇ ನೇರವಾಗಿ ವಿಚಾರಿಸುತ್ತಾರೆ. ಸಿಕ್ಕಿಬಿದ್ದರೆ ಹೊಸ ಕೆಲಸವೂ ಹೋಗುತ್ತದೆ.

ಇತ್ತ ಹಳೆ ಕಂಪನಿಗೆ ವಾರ ಬಿಟ್ಟು ನೆನಪೋಲೆ ಕಳಿಸಿ, ಆಮೇಲೆ ಎಚ್‌ಆರ್ ಮುಖ್ಯಸ್ಥರಿಗೆ ಬರೆಯಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ ಹಿಂದಿನ ಮೇಲ್‌ಗಳ ಪ್ರತಿಗಳೊಂದಿಗೆ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ಕಂಪನಿಯ ಹೆಸರು ಹುಡುಕಿದರೆ ಆ ವಿಳಾಸ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. ಕಂಪನಿ ಇನ್ನೂ ನಡೆಯುತ್ತಿದೆಯೋ, ನೋಂದಣಿ ರದ್ದಾಗಿದೆಯೋ ಎಂಬುದೂ ಅಲ್ಲೇ ತಿಳಿಯುತ್ತದೆ. ರದ್ದಾಗಿದ್ದರೆ ಆ ಪುಟದ ಪ್ರತಿಯನ್ನು ಪಿಎಫ್ ದಾಖಲೆಯ ಜೊತೆ ಹೊಸ ಕಂಪನಿಗೆ ಕೊಡಬಹುದು. ವಕೀಲರ ನೋಟಿಸ್ ಇವೆಲ್ಲ ಆದ ಮೇಲಿನ ಮಾತು.